ಮಂಗಳೂರಿನ ಚಿಮಣಿ ಬೆಂಕಿಯ ಬಗ್ಗೆ

ಎಲ್ಲರಿಗೂ ನಮಸ್ಕಾರ್ರೀ. ಹುಬ್ಬಳ್ಳಿಯಿಂದ ಮಂಗಳೂರಿಗೆ ಹೋಗಿ ಬಂದವರು ಹಾಕಿದ ರಿಫೈನರಿ ಚಿಮಣಿಯ ತುದಿಯಲ್ಲಿ ಉರಿಯುವ ಬೆಂಕಿಯ ಫೋಟೊ ನೋಡಿದೆ. "ಇಷ್ಟು ಗ್ಯಾಸ್ ಸುಮ್ನೆ ಯಾಕೆ ಸುಡ್ತಾರೆ?" ಎಂದು ಹಲವರು ಕೇಳಿದ್ದೀರಿ.

ರಿಫೈನರಿಯಲ್ಲಿ ಗ್ಯಾಸನ್ನು ಒತ್ತಿ ಮುಂದೆ ತಳ್ಳುವ ಒಂದು ಕಂಪ್ರೆಸರ್ ದಿಢೀರನೆ ನಿಂತಿತು ಅಂದುಕೊಳ್ಳಿ. ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಒತ್ತಡ ಏರಿ ಪಾತ್ರೆ ಒಡೆಯಬಾರದೆಂದು ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ. ಆ ಗ್ಯಾಸನ್ನು ಹಾಗೇ ಬಿಟ್ಟರೆ ಅಪಾಯ. ಅದರಲ್ಲಿರುವ ಪ್ರೊಪೇನ್‌ನಂಥ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಎಲ್ಲೋ ಒಂದು ಕಿಡಿಗೆ ಹೊತ್ತಿಕೊಳ್ಳಬಹುದು. ಅದಕ್ಕೇ ಎತ್ತರದಲ್ಲಿ ಸುಡುತ್ತಾರೆ.

ಇನ್ನು ಹೊಗೆ. ದೊಡ್ಡ ಜ್ವಾಲೆಯ ಒಳಗೆ ಗಾಳಿ ತಲುಪುವುದಿಲ್ಲ, ಇಂಗಾಲ ಅರ್ಧ ಸುಟ್ಟು ಮಸಿಯಾಗುತ್ತದೆ. ರೊಟ್ಟಿ ಒಲೆ ಹೊಗೆಯಾಡಿದಾಗ ಅವ್ವ ಊದುಗೊಳವೆ ಹಿಡಿಯುತ್ತಾಳಲ್ವಾ? ಇಲ್ಲಿ ಆ ಕೆಲಸ ಹಬೆಯದು. ಚಿಮಣಿಯ ತುದಿಯಲ್ಲಿ ಜೋರಾಗಿ ಚಿಮ್ಮುವ ಹಬೆ ಸುತ್ತಲಿನ ಗಾಳಿಯನ್ನು ಜ್ವಾಲೆಯೊಳಗೆ ಎಳೆದುಕೊಳ್ಳುತ್ತದೆ. ಹಬೆಯ ಸ್ವಲ್ಪ ಭಾಗ ಬಿಸಿ ಇಂಗಾಲದ ಜೊತೆ ಸೇರಿ ಅದನ್ನೇ ಉರಿಯುವ ಗ್ಯಾಸ್ ಮಾಡುತ್ತದೆ. ಒಂದು ಕಿಲೋ ಗ್ಯಾಸಿಗೆ ಸುಮಾರು ಅರ್ಧ ಕಿಲೋ ಹಬೆ ಬೇಕಾಗಬಹುದು. ಗ್ಯಾಸ್ ಯಾವುದು ಅನ್ನುವುದರ ಮೇಲೆ ಹೆಚ್ಚುಕಡಿಮೆ.

ಆದರೆ ಹಬೆ ಜಾಸ್ತಿಯಾದರೆ ಜ್ವಾಲೆ ತಣ್ಣಗಾಗಿ ಗ್ಯಾಸ್ ಸುಡದೆ ಹಾರಿಹೋಗುತ್ತದೆ. ಹೊಗೆ ಕಾಣದು, ದೊಡ್ಡ ಗುಡುಗುಡು ಸದ್ದು ಕೇಳುತ್ತದೆ. ನನಗೆ ಕಪ್ಪು ಹೊಗೆಗಿಂತ ಇದೇ ಹೆಚ್ಚು ಚಿಂತೆ, ಕಣ್ಣಿಗೆ ಬೀಳುವುದಿಲ್ಲವಲ್ಲ. ಮುಂದಿನ ಸಲ ಹೋದವರು ವಿಡಿಯೊ ಹಾಕಿ, ಸದ್ದೂ ಕೇಳಬೇಕು.