ಕಳಿಸಬಾರದ ಪತ್ರದ ಬಗ್ಗೆ

ಬಳ್ಳಾರಿ

ಚಿ. ಕವಿತಾಗೆ ನಿನ್ನ ಅತ್ತೆಯ ಆಶೀರ್ವಾದಗಳು.

"ಅವನಿಗೆ ಕಳಿಸಬಾರದು ಅಂತಲೇ ಬರೆಯುತ್ತಿದ್ದೇನೆ, ಆದರೆ ಯಾವುದೋ ರಾತ್ರಿ ಕಳಿಸಿಬಿಡುತ್ತೇನೇನೋ ಅಂತ ಭಯ" ಅಂದಿದ್ದೀಯಲ್ಲ, ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ನೀನೂ ಅವನೂ ದೂರವಾದ ಕಥೆಯೆಲ್ಲ ನಿಮ್ಮಮ್ಮ ಹೇಳಿದ್ದಾಳೆ, ಕೆದಕುವುದಿಲ್ಲ.

ಎಲ್ಲಿ ಬರೆಯುತ್ತಿದ್ದೀಯ? ವಾಟ್ಸಾಪಿನಲ್ಲಿ ಅವನ ಹೆಸರು ತೆರೆದುಕೊಂಡೇ ಅಲ್ವಾ? ಹಾಗಿದ್ದರೆ ನಿನ್ನ ಭಯ ಸುಳ್ಳಲ್ಲ. ಕಳಿಸಿ ಆಮೇಲೆ ಅಳಿಸಿದರೂ, ಏನೋ ಅಳಿಸಿದ್ದಾಳೆ ಅಂತ ಅವನಿಗೆ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಬರೆಯವ್ವ.

ನಾನೂ ರಾಯಚೂರಿನಲ್ಲಿ ಓದುವಾಗ ಇಂಥದ್ದೊಂದು ಬರೆದಿದ್ದೆ, ಇನ್‌ಲ್ಯಾಂಡ್ ಲೆಟರಿನಲ್ಲಿ. ಯಾರಿಗೆ ಅಂತ ಕೇಳಬೇಡ, ನಿಮ್ಮ ಮಾವನಿಗಂತೂ ಅಲ್ಲ. ವಿಳಾಸ ಬರೆದು ಅಂಟಿಸಿಬಿಟ್ಟಿದ್ದೆ. ಅದೇ ಕಾಟವಾಯಿತು. ಅಂಚೆ ಡಬ್ಬಿ ಕಂಡಾಗಲೆಲ್ಲ ಕೈ ಬ್ಯಾಗಿಗೆ ಹೋಗುತ್ತಿತ್ತು. ಕೊನೆಗೆ ಬಿಡಿಸಿ ನೋಡದೆ ಒಲೆಗೆ ಹಾಕಿದೆ. ಆ ವಯಸ್ಸಿನಲ್ಲಿ ಏನೇನು ಅಂದುಕೊಂಡಿದ್ದೆನೋ, ಈಗ ಓದೋಣ ಅಂದರೆ ಇಲ್ಲ. ಆ ಹಳಹಳಿ ಇನ್ನೂ ಇದೆ.

ಮತ್ತೆ ನಿನ್ನ ಭಯಕ್ಕೆ ಬರುತ್ತೇನೆ. ಕಳಿಸುವ ಆಸೆ ಪ್ರಶ್ನೆಗಳಿಂದ ಹುಟ್ಟುತ್ತದೆ ಅಂತ ನನಗೆ ಅನಿಸುತ್ತದೆ. "ಆ ದಿನ ಯಾಕೆ ಫೋನ್ ಎತ್ತಲಿಲ್ಲ?" ಅಂತ ಬರೆದಿದ್ದೀಯಂತೆ. ಪ್ರಶ್ನೆ ಬರೆದರೆ ಮನಸ್ಸು ಉತ್ತರಕ್ಕೆ ಕಾಯುತ್ತದೆ. ಉತ್ತರ ಅವನ ಹತ್ತಿರ ಇದೆ, ಹಾಗಾಗಿ ಕಳಿಸಬೇಕು ಅನಿಸುತ್ತದೆ. ಅದನ್ನೇ "ನೀನು ಫೋನ್ ಎತ್ತದ ದಿನ ನಾನು ಕೊಪ್ಪಳ ಬಸ್‌ ಸ್ಟ್ಯಾಂಡಿನಲ್ಲಿ ಕೂತು ಅತ್ತಿದ್ದೆ" ಅಂತ ಬರೆದು ನೋಡು. ಇದಕ್ಕೆ ಅವನ ಉತ್ತರ ಬೇಕಿಲ್ಲ. ಬರೆದದ್ದನ್ನು ಓದುವಾಗ ಪ್ರಶ್ನೆಗಳು ಜಾಸ್ತಿ ಕಂಡರೆ, ಅದು ಇನ್ನೂ ಅವನಿಗೆ ಬರೆಯುತ್ತಿರುವ ಪತ್ರ ಅಂತ ತಿಳಿ.

ಬಿ.ಎಡ್. ಮಕ್ಕಳಿಗೆ ಮನಃಶಾಸ್ತ್ರ ಹೇಳುತ್ತಿದ್ದವಳಲ್ಲವಾ, ಬಾಯಿ ಸುಮ್ನೆ ಇರುವುದಿಲ್ಲ. ಅಮೆರಿಕದ ಪೆನ್ನೆಬೇಕರ್ ಮತ್ತು ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಮನಸ್ಸಿನ ನೋವನ್ನು ದಿನಕ್ಕೆ 15 ನಿಮಿಷದಂತೆ ಸತತ 4 ದಿನ ಬರೆದಿದ್ದರು, ಅಷ್ಟೇ. ಬರೆದ ಕೂಡಲೇ ಅವರಿಗೆ ಬೇಜಾರು ಹೆಚ್ಚೇ ಆಗಿತ್ತು. ನಿನಗೂ ಹಾಗಾದರೆ ಹೆದರಬೇಡ, ಆದರೆ ಆ ಗಳಿಗೆಯಲ್ಲಿ ಫೋನ್ ಮಾತ್ರ ಮುಟ್ಟಬೇಡ. ಇನ್ನೊಂದು ಮಾತು, ಹೇಳಲೋ ಬೇಡವೋ. ಗಂಡ ಹೆಂಡತಿ ಬೇರೆಯಾದವರ ಮೇಲೆ ಸ್ಬಾರಾ ಎಂಬುವರು ತಮ್ಮ ಜೊತೆಯವರೊಂದಿಗೆ ಮಾಡಿದ ಅಧ್ಯಯನ 2013ರಲ್ಲಿ ಬಂತು. "ಯಾಕೆ ಹೀಗಾಯಿತು" ಅಂತ ಅರ್ಥ ಹುಡುಕುತ್ತಲೇ ಇರುವವರಲ್ಲಿ, ನೋವನ್ನು ಬರೆದವರಿಗಿಂತ ದಿನದ ಕೆಲಸಗಳನ್ನಷ್ಟೇ ಬರೆದವರೇ ಬೇಗ ಚೇತರಿಸಿಕೊಂಡಿದ್ದರು. ನೀನು ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆಯುತ್ತಿದ್ದರೆ ನಿಲ್ಲಿಸು. ಬೆಳಿಗ್ಗೆ ಏನು ತಿಂದೆ, ಯಾವ ಬಸ್ ಹಿಡಿದೆ ಅಂತ ಬರೆ.

ಇಷ್ಟು ಹೇಳಿದ್ದೇ ಜಾಸ್ತಿ ಆಯಿತೇನೋ. ಹರಿಯುವುದೋ ಇಟ್ಟುಕೊಳ್ಳುವುದೋ ನಿನ್ನಿಷ್ಟ. ಕಳಿಸದೆ ಇರಲು ಆಗುವುದೇ ಇಲ್ಲ ಅನ್ನಿಸಿದ ರಾತ್ರಿ ನನ್ನ ನಂಬರಿಗೆ ಕಳಿಸಿಬಿಡು. ಓದುವುದಿಲ್ಲ ಅಂತ ಮಾತು ಕೊಡಲಾರೆ, ಕುತೂಹಲ ನನಗೂ ಇದೆ.

ನಿನ್ನ ಅತ್ತೆ