ಖಾತೆ ಅಳಿಸಿದ ಮೇಲೂ ನನ್ನ ಥೈರಾಯ್ಡ್ ಬಗ್ಗೆ ನಿಮ್ಮಿಂದ ಕರೆ ಬಂದಿದೆ

ಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ಅಳಿಸಿದ್ದೇವೆಂದು ಹೇಳಿದ ಮಾಹಿತಿ ಕಾಲ್ ಸೆಂಟರಿನಲ್ಲಿ ಉಳಿದಿರುವುದು ಮತ್ತು ಆಫ್ ಮಾಡಿದ ಒಪ್ಪಿಗೆ ತಾನಾಗಿ ಆನ್ ಆಗುವುದರ ಬಗ್ಗೆ ದೂರು

ಮಾನ್ಯರೇ,

ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ನಿಮ್ಮ ಸೇವೆಯನ್ನು ನಾನು ಎರಡು ವರ್ಷ ಬಳಸಿದ್ದೇನೆ. ಬರುತ್ತಿದ್ದ ಹುಡುಗರ ಕೈ ಹಗುರ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ರಿಪೋರ್ಟ್ ಬರುತ್ತಿತ್ತು. ನನ್ನ ದೂರು ಅದರ ಬಗ್ಗೆ ಅಲ್ಲ.

ಫೆಬ್ರುವರಿ 3ರಂದು ಆ್ಯಪ್‌ನಲ್ಲೇ ಖಾತೆ ಅಳಿಸಲು ಕೋರಿಕೆ ಹಾಕಿದೆ. 6ರಂದು ‘ನಿಮ್ಮ ಮಾಹಿತಿಯನ್ನು ಪೂರ್ತಿಯಾಗಿ ಅಳಿಸಲಾಗಿದೆ’ ಎಂದು ಮೇಲ್ ಬಂತು. 24ರ ಮಧ್ಯಾಹ್ನ ಆಫೀಸಿನಲ್ಲಿ ಊಟ ಮಾಡುತ್ತಿದ್ದೆ. ಫೋನ್ ಬಂತು. ಕೈ ಎಂಜಲಾಗಿತ್ತು, ಸ್ಪೀಕರ್‌ಗೆ ಹಾಕಿದೆ. ‘ಮೇಡಂ, ನೀವು ಥೈರಾಯ್ಡ್ ಟೆಸ್ಟ್ ಮಾಡಿಸಿ ಆರು ತಿಂಗಳಾಯ್ತು ಅಲ್ವಾ? ಈ ತಿಂಗಳು ಆಫರ್ ಇದೆ’ ಎಂದರು. ಮೇಜಿನ ಸುತ್ತ ಕೂತಿದ್ದ ಐದು ಜನ ಕೇಳಿಸಿಕೊಂಡರು. ಥೈರಾಯ್ಡ್ ನಾಚಿಕೆ ಪಡುವಂಥ ಕಾಯಿಲೆ ಅಲ್ಲ. ಆದರೆ ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನುವುದು ನನಗೆ ಬಿಟ್ಟ ವಿಷಯ. ಆವತ್ತು ಅದು ನನ್ನ ಕೈತಪ್ಪಿ ಹೋಯಿತು.

ಕರೆ ಮಾಡಿದ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ದಯವಿಟ್ಟು ಅವರನ್ನು ಬಯ್ಯಬೇಡಿ. ನಿಮ್ಮ ಪರವಾಗಿ ಕರೆ ಮಾಡುವ ಬೇರೆ ಕಂಪನಿಯಲ್ಲಿ ಕೆಲಸ ಎಂದು ಅವರೇ ಹೇಳಿದರು. ಸ್ಕ್ರೀನ್ ಮೇಲೆ ನನ್ನ ಬಗ್ಗೆ ಏನೇನಿದೆ ಓದಿ ಎಂದು ಕೇಳಿಕೊಂಡೆ. ಹೆಸರು, ಬಡಾವಣೆ, ಕೊನೆಯ ಟೆಸ್ಟ್, ಅದರ ತಿಂಗಳು, ಎಲ್ಲ ಇತ್ತು. ಮೊಬೈಲ್ ನಂಬರ್ ಓದುವಾಗ ಮೊದಲು ‘ಸೊನ್ನೆ’ ಎಂದರು.

ಆ ಸೊನ್ನೆ ಕೇಳಿ ನನಗೆ ಏನಾಗಿರಬಹುದು ಎಂದು ಹೊಳೆಯಿತು. ನಾನು ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ನಿಮ್ಮ ಆ್ಯಪ್‌ನ ಪ್ರೊಫೈಲಿನಲ್ಲಿ ನನ್ನ ನಂಬರ್ +91ರಿಂದ ಶುರುವಾಗುತ್ತಿತ್ತು. ಕಾಲ್ ಸೆಂಟರಿನ ಪಟ್ಟಿಯಲ್ಲಿ ಅದೇ ನಂಬರ್ 0ಯಿಂದ ಶುರುವಾಗುತ್ತದೆ. ‘ಈ ನಂಬರಿನವರನ್ನು ಅಳಿಸಿ’ ಎಂದು ನಿಮ್ಮ ಕಡೆಯಿಂದ +91 ಇರುವ ನಂಬರ್ ಹೋದರೆ, ಅಲ್ಲಿ ಅದಕ್ಕೆ ಹೊಂದುವ ದಾಖಲೆ ಸಿಗುವುದಿಲ್ಲ. ಇಂಥ ಕಡೆ ಸಿಸ್ಟಂ ತಪ್ಪು ಎಂದು ಕೂಗುವುದಿಲ್ಲ. ಸುಮ್ನೆ ‘ಕೆಲಸ ಮುಗಿಯಿತು, ಅಳಿಸಿದ ದಾಖಲೆ: 0’ ಎಂದು ಉತ್ತರ ಕೊಡುತ್ತದೆ. ‘ಮುಗಿಯಿತು’ ಅನ್ನುವುದನ್ನಷ್ಟೇ ನೋಡಿ ನನಗೆ ಮೇಲ್ ಕಳುಹಿಸಿದಂತಿದೆ. ನಿಮ್ಮ ಒಳಗಿನ ವ್ಯವಸ್ಥೆಯನ್ನು ನಾನು ಕಂಡಿಲ್ಲ, ಕಾರಣ ಬೇರೆಯೂ ಇರಬಹುದು. ಆದರೆ ಪರಿಶೀಲನೆಯನ್ನು ಇಲ್ಲಿಂದಲೇ ಶುರು ಮಾಡಿ. ಫೆಬ್ರುವರಿ 3ರಿಂದ 6ರ ನಡುವಿನ ಲಾಗ್‌ನಲ್ಲಿ ನನ್ನ ಕೋರಿಕೆಗೆ ಕಾಲ್ ಸೆಂಟರಿನಿಂದ ಎಷ್ಟು ದಾಖಲೆ ಅಳಿಸಿದ ಉತ್ತರ ಬಂದಿದೆ ನೋಡಿ. ಅಲ್ಲಿ 0 ಇದ್ದರೆ, ಸಿಕ್ಕಿಬಿದ್ದವಳು ನಾನೊಬ್ಬಳೇ ಅಲ್ಲ. +91 ಹಾಕಿ ನೋಂದಾಯಿಸಿದ ಎಲ್ಲರದ್ದೂ ಇದೇ ಕತೆ.

ಇಷ್ಟಾದ ಮೇಲೆ ಒಪ್ಪಿಗೆಯ ವಿಷಯವನ್ನೂ ನೋಡೋಣ ಅನ್ನಿಸಿತು. ನನ್ನ ಗಂಡ ಇನ್ನೂ ನಿಮ್ಮ ಗ್ರಾಹಕರು. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವರ ಖಾತೆಯಲ್ಲೇ ನೋಡಿದೆ. ವೆಬ್‌ಸೈಟಿನಲ್ಲಿ ‘ಆಫರ್ ಮತ್ತು ಆರೋಗ್ಯ ಸಲಹೆ ಕಳುಹಿಸಬಹುದು’ ಎಂಬ ಸ್ವಿಚ್ ಆಫ್ ಮಾಡಿದೆವು. ಫೋನಿನಲ್ಲಿ ಆ್ಯಪ್ ಮೊದಲೇ ತೆರೆದಿತ್ತು. ಅದರಲ್ಲಿ ಸ್ವಿಚ್ ಇನ್ನೂ ಆನ್ ಎಂದೇ ತೋರಿಸುತ್ತಿತ್ತು. ಆಮೇಲೆ ಆ್ಯಪ್‌ನಲ್ಲಿ ಮನೆ ನಂಬರನ್ನು ಮಾತ್ರ ತಿದ್ದಿ ಸೇವ್ ಮಾಡಿದೆವು. ಸ್ವಿಚ್ಚನ್ನು ಮುಟ್ಟಲೇ ಇಲ್ಲ. ವೆಬ್‌ಸೈಟಿಗೆ ಬಂದು ರಿಫ್ರೆಶ್ ಮಾಡಿದರೆ, ಅಲ್ಲಿ ಆಫ್ ಮಾಡಿದ್ದ ಸ್ವಿಚ್ ಆನ್ ಆಗಿತ್ತು!

ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೇ ಆಯಿತು. ಆ್ಯಪ್‌ನಿಂದ ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದು ಸೇವ್ ಮಾಡಿದಾಗ ಮಾತ್ರ ಆಫ್ ಉಳಿಯಿತು. ಫೋನ್ ಏನು ಕಳುಹಿಸುತ್ತಿದೆ ಎಂದು ಲ್ಯಾಪ್‌ಟಾಪ್ ಮೂಲಕ ಹಾಯಿಸಿ ನೋಡಿದಾಗ ಕಂಡದ್ದು ಇದು (ಬೇರೆ ವಿವರಗಳನ್ನು ತೆಗೆದಿದ್ದೇನೆ):

```
PUT /profile
{"house_no": "14", "marketing_consent": true}
```

ಅಂದರೆ ಆ್ಯಪ್ ತಿದ್ದಿದ ಸಾಲನ್ನಷ್ಟೇ ಕಳುಹಿಸುತ್ತಿಲ್ಲ. ತನ್ನ ಬಳಿ ಉಳಿದ ಹಳೆಯ ಪ್ರೊಫೈಲನ್ನು ಇಡಿಯಾಗಿ ಕಳುಹಿಸುತ್ತದೆ, ಹಳೆಯ ಒಪ್ಪಿಗೆಯೂ ಅದರ ಜೊತೆಗೇ ಹೋಗುತ್ತದೆ. ವಿಳಾಸ ತಿದ್ದಿದವರೆಲ್ಲ ತಮಗೇ ಗೊತ್ತಿಲ್ಲದೆ ಮತ್ತೆ ‘ಹೂಂ’ ಅಂದಂತಾಗುತ್ತದೆ. ನಾಳೆ ಯಾರಾದರೂ ದೂರಿದರೆ ‘ಇಂಥ ದಿನ ಇಷ್ಟು ಗಂಟೆಗೆ ನೀವೇ ಒಪ್ಪಿದ್ದೀರಿ’ ಎಂದು ನಿಮ್ಮ ದಾಖಲೆ ಹೇಳುತ್ತದೆ. ನನಗೆ ಜಾಸ್ತಿ ಬೇಸರ ಆಗಿದ್ದು ಇದಕ್ಕೇ.

ವೆಬ್‌ಸೈಟನ್ನು ಒಬ್ಬರು, ಆ್ಯಪನ್ನು ಇನ್ನೊಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡೂ ಪಾಸ್ ಆಗುತ್ತವೆ. ತಪ್ಪು ಇರುವುದು ನಡುವೆ. ಒಂದು ಕಡೆ ಆಫ್ ಮಾಡಿ, ಇನ್ನೊಂದು ಕಡೆ ಬೇರೆ ಏನನ್ನೋ ಸೇವ್ ಮಾಡಿ, ಮತ್ತೆ ಮೊದಲ ಕಡೆ ಬಂದು ನೋಡಿದರೆ ಮಾತ್ರ ಅದು ಕಾಣುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಮಗೆ ಗೊತ್ತೇ ಇದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದೆಗೆದುಕೊಳ್ಳುವುದೂ ಅಷ್ಟೇ ಸುಲಭ ಇರಬೇಕು. ಅಳಿಸುವಾಗ ನಿಮ್ಮ ಪರವಾಗಿ ಕೆಲಸ ಮಾಡುವವರ ಬಳಿ ಇರುವುದನ್ನೂ ನೀವೇ ಅಳಿಸಿಸಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳಿಗೆ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಸಮಯವಿದೆ ಅನ್ನುವುದೂ ನನಗೆ ಗೊತ್ತು. ಆದರೆ ‘ಪೂರ್ತಿಯಾಗಿ ಅಳಿಸಲಾಗಿದೆ’ ಎಂದು ಬರೆದು ಕೊಟ್ಟವರು ನೀವು. ಆ ಮಾತು ಉಳಿಸಿಕೊಳ್ಳಲು ಸಮಯ ಬೇಕಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಕಾಲ್ ಸೆಂಟರಿನಲ್ಲಿರುವ ನನ್ನ ದಾಖಲೆಯನ್ನು ಅಳಿಸಿಸಿ, ಎಷ್ಟು ದಾಖಲೆ ಹೋಯಿತು ಎಂಬ ಲೆಕ್ಕದೊಂದಿಗೆ ಬರೆದು ತಿಳಿಸಿ. ಮೆಸೇಜ್ ಕಳುಹಿಸುವವರು, ರಕ್ತ ಪರೀಕ್ಷಿಸುವ ಲ್ಯಾಬ್, ಹೀಗೆ ನನ್ನ ಮಾಹಿತಿ ಇನ್ನೂ ಯಾರ್‍ಯಾರಿಗೆ ಹೋಗಿದೆ ಎಂದೂ ತಿಳಿಸಿ. ತೆರಿಗೆ ಲೆಕ್ಕಕ್ಕೆ ಬಿಲ್ ಇಟ್ಟುಕೊಳ್ಳಬೇಕು ಅನ್ನುವುದು ಸರಿ, ಇಟ್ಟುಕೊಳ್ಳಿ. ಆದರೆ ಅದನ್ನು ನನಗೆ ಹೇಳಿ ಇಟ್ಟುಕೊಳ್ಳಿ, ಮಾರಾಟದ ತಂಡಕ್ಕೆ ಕಾಣದ ಹಾಗೆ ಇಡಿ. ಬ್ಯಾಕಪ್‌ನಿಂದ ಒಬ್ಬಳ ಹೆಸರನ್ನು ಹೆಕ್ಕಿ ತೆಗೆಯುವುದು ಕಷ್ಟ, ಅದೂ ಅರ್ಥವಾಗುತ್ತದೆ. ಹಳೆಯ ಬ್ಯಾಕಪ್ ಎಷ್ಟು ದಿನಕ್ಕೆ ತಾನಾಗಿ ಹೋಗುತ್ತದೆ ಎಂದು ತಿಳಿಸಿ. ಅಷ್ಟರೊಳಗೆ ಅದನ್ನು ಮತ್ತೆ ಬಳಕೆಗೆ ತಂದರೆ, ಅಳಿಸಿದವರ ಪಟ್ಟಿಯನ್ನು ಅದರ ಮೇಲೆ ಮತ್ತೊಮ್ಮೆ ಓಡಿಸಿ. ಇಲ್ಲದಿದ್ದರೆ ನಾವೆಲ್ಲ ಒಂದೇ ರಾತ್ರಿಯಲ್ಲಿ ವಾಪಸ್ ಬರುತ್ತೇವೆ.

ಒಪ್ಪಿಗೆ ತಾನಾಗಿ ಆನ್ ಆಗುವುದನ್ನು ಸರಿಪಡಿಸಿದರೆ ಮಾತ್ರ ಸಾಲದು. ಆಫ್ ಮಾಡಿದ ಮೇಲೆ, ಸ್ವಿಚ್ ಮುಟ್ಟದೆ ಪ್ರೊಫೈಲ್ ಸೇವ್ ಆದಾಗ ಆನ್‌ಗೆ ತಿರುಗಿದ ಖಾತೆಗಳನ್ನು ನಿಮ್ಮ ದಾಖಲೆಯಿಂದಲೇ ಹುಡುಕಬಹುದು. ಅವುಗಳನ್ನೆಲ್ಲ ಮತ್ತೆ ಆಫ್‌ಗೆ ತಂದು, ಆ ಗ್ರಾಹಕರಿಗೆ ತಿಳಿಸಿ.

ನಾವು ನೋಡಿದ ಮೂರು ಸಲದ ಸ್ಕ್ರೀನ್ ರೆಕಾರ್ಡಿಂಗ್, ಫೆಬ್ರುವರಿ 6ರ ನಿಮ್ಮ ಮೇಲ್, 24ರ ಕರೆಯ ಸಮಯ, ಎಲ್ಲವನ್ನೂ ಜೊತೆಗೆ ಲಗತ್ತಿಸಿದ್ದೇನೆ. ನಿಮ್ಮ ಟೆಸ್ಟಿಂಗ್ ತಂಡದವರಿಗೆ ಮಾತಾಡಬೇಕು ಅನ್ನಿಸಿದರೆ ಸಂಜೆ 7ರ ನಂತರ ಸಿಗುತ್ತೇನೆ. ದಯವಿಟ್ಟು ಮೇಲ್‌ನಲ್ಲೇ ಸಮಯ ಗೊತ್ತು ಮಾಡಿ. ಕರೆ ಮಾಡುವುದು ಬೇಡ.

ಇಂತಿ,
ನಿಮ್ಮ ಹಿಂದಿನ ಗ್ರಾಹಕಿ