ಗೆರೆಗಳು ಒಂದನ್ನೊಂದು ದಾಟಿದ್ದು ಯಾವ ವರ್ಷ?

ಮಾನ್ಯ ಸಂಪಾದಕರೇ,

ಹೊಸ ಸಂಶೋಧನೆಯ ಸುದ್ದಿ ಹಾಕುವಾಗ ನೀವು ಮೂಲ ಲೇಖನದ ಗ್ರಾಫನ್ನೂ ಜೊತೆಗೆ ಅಚ್ಚು ಹಾಕುತ್ತೀರಿ. ಅದು ಒಳ್ಳೆಯ ಪದ್ಧತಿ. ಆದರೆ ತುಂಬಾ ಜನ ಓದುಗರು ತಲೆಬರಹ ಓದಿ, ಗ್ರಾಫ್ ಮೇಲೆ ಒಮ್ಮೆ ಕಣ್ಣಾಡಿಸಿ ಪುಟ ತಿರುಗಿಸುತ್ತಾರೆ. ಅವರ ಮನಸ್ಸಿನಲ್ಲಿ ಉಳಿಯುವುದು ಆ ಗೆರೆಗಳ ಆಕಾರ ಮಾತ್ರ. ಆ ಆಕಾರ ಎಷ್ಟು ಸುಲಭವಾಗಿ ಬದಲಾಗುತ್ತದೆ ಎಂದು ಹೇಳಲು ಈ ಪತ್ರ.

ನಾನು ಸಂಖ್ಯಾಶಾಸ್ತ್ರ ಕಲಿಸುವವನು. ಕಳೆದ ವಾರ ಒಬ್ಬ ವಿದ್ಯಾರ್ಥಿನಿ ಸಂಶೋಧನಾ ಲೇಖನವೊಂದರ ಪುಟ ತಂದು ನನ್ನ ಮೇಜಿನ ಮೇಲಿಟ್ಟಳು. "ಸರ್, 2018ರಲ್ಲಿ ಏನೋ ಆಗಿದೆ ನೋಡಿ" ಎಂದಳು. ಹದಿಹರೆಯದವರು ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತಾರೆ, ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ ಎಂಬುದರ ಗ್ರಾಫ್ ಅದು. ಮೊಬೈಲಿನ ಕೆಂಪು ಗೆರೆ ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲ್ಮೂಲೆಗೆ ಏರುತ್ತದೆ. ನಿದ್ದೆಯ ನೀಲಿ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎರಡೂ ನಟ್ಟನಡುವೆ ಕತ್ತರಿಯ ಹಾಗೆ ಸಂಧಿಸುತ್ತವೆ. ಆ ಜಾಗಕ್ಕೆ ಒಂದು ಬಾಣದ ಗುರುತು ಬೇರೆ ಹಾಕಿದ್ದರು.

ಲೇಖನದ ಹೆಸರು ಇಲ್ಲಿ ಬೇಡ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನೂ ನಾನೇ ಬದಲಿಸಿದ್ದೇನೆ. ಚಿತ್ರದ ರೂಪ ಮಾತ್ರ ಅದೇ. 2014ರಿಂದ 2022ರ ತನಕ ಮೊಬೈಲ್ ನೋಡುವ ಸಮಯ 3 ಗಂಟೆಯಿಂದ 3.6 ಗಂಟೆಗೆ ಒಂದೇ ಸಮನೆ ಏರಿತು ಎಂದಿಟ್ಟುಕೊಳ್ಳಿ. ಅದೇ ಅವಧಿಯಲ್ಲಿ ನಿದ್ದೆ 7.1 ಗಂಟೆಯಿಂದ 6.9 ಗಂಟೆಗೆ ಇಳಿಯಿತು. ಅಂದರೆ ಮೊಬೈಲ್ 36 ನಿಮಿಷ ಜಾಸ್ತಿ, ನಿದ್ದೆ 12 ನಿಮಿಷ ಕಡಿಮೆ.

ಈಗ ಗ್ರಾಫ್ ನೋಡಿ. ಅದರ ಎತ್ತರ 10 ಸೆಂಟಿಮೀಟರ್. ಎಡಗಡೆಯ ಅಕ್ಷ ಮೊಬೈಲಿನದು, 3ರಿಂದ 3.6ರವರೆಗೆ. ಬಲಗಡೆಯ ಅಕ್ಷ ನಿದ್ದೆಯದು, 6.9ರಿಂದ 7.1ರವರೆಗೆ. ಹೀಗಾಗಿ 36 ನಿಮಿಷದ ಏರಿಕೆಗೂ 10 ಸೆಂಟಿಮೀಟರ್, 12 ನಿಮಿಷದ ಇಳಿಕೆಗೂ 10 ಸೆಂಟಿಮೀಟರ್. ಒಂದು ಬದಲಾವಣೆ ಇನ್ನೊಂದರ ಮೂರು ಪಟ್ಟು ಇದ್ದರೂ ಕಣ್ಣಿಗೆ ಎರಡೂ ಸಮವಾಗಿ ಕಾಣುತ್ತವೆ. ಒಂದು ಏರಿದಷ್ಟೇ ಇನ್ನೊಂದು ಇಳಿದಿದೆ, ಮೊಬೈಲು ನಿದ್ದೆಯನ್ನು ನುಂಗಿದೆ ಎಂದು ನೋಡಿದವರಿಗೆ ಅನ್ನಿಸುತ್ತದೆ. ಆ ಮಾತು ಬರಹದಲ್ಲಿ ಎಲ್ಲೂ ಇಲ್ಲ. ಅದನ್ನು ಹೇಳುತ್ತಿರುವುದು ಬರೀ ಚಿತ್ರ.

2018ರಲ್ಲಿ ಗೆರೆಗಳು ದಾಟಿದ್ದರ ಕಥೆ ಇನ್ನೂ ಕೆಟ್ಟದ್ದು. ಆ ವಿದ್ಯಾರ್ಥಿನಿಗೆ ನಾನು ಏನೂ ವಿವರಿಸಲಿಲ್ಲ. ಗ್ರಾಫ್ ಹಾಳೆ ಕೊಟ್ಟು, "ಎಡಗಡೆಯದ್ದು ಹಾಗೇ ಇರಲಿ, ಬಲಗಡೆಯ ಅಂಕಿ ಮಾತ್ರ ಬದಲಾಯಿಸಿ ಬರಿ" ಎಂದೆ. ಮೊದಲು ಬಲಗಡೆ 6.9ರಿಂದ 7.5 ಇಟ್ಟಳು. ನಿದ್ದೆಯ ಗೆರೆ ಹಾಳೆಯ ಕೆಳಭಾಗಕ್ಕೆ ಇಳಿಯಿತು, ಗೆರೆಗಳು 2016ರಲ್ಲಿ ದಾಟಿದವು. ಆಮೇಲೆ 6.5ರಿಂದ 7.1 ಇಟ್ಟಳು. ಈಗ ನಿದ್ದೆಯ ಗೆರೆ ಮೇಲೇ ಉಳಿಯಿತು, ದಾಟಿದ್ದು 2020ರಲ್ಲಿ. ಒಂದೇ ಅಂಕಿಗಳು, ಒಂದೇ ಹಾಳೆ. ದಾಟುವ ವರ್ಷ ಮಾತ್ರ 2016, 2018, 2020 ಎಂದು ನಾವು ಹೇಳಿದ ಹಾಗೆ ಸರಿಯುತ್ತಿತ್ತು. ಅವಳು ಪೆನ್ಸಿಲ್ ಕೆಳಗಿಟ್ಟು, "ಹಾಗಾದ್ರೆ ಆ ಬಾಣ ಯಾಕೆ ಹಾಕಿದ್ದಾರೆ ಸರ್?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಬೇರೆ ಬೇರೆ ಅಕ್ಷಗಳಿರುವಾಗ ಗೆರೆಗಳು ದಾಟುವ ಜಾಗಕ್ಕೆ ಯಾವ ಅರ್ಥವೂ ಇಲ್ಲ. ಅಲ್ಲಿ 3.3 ಗಂಟೆಯೂ 7 ಗಂಟೆಯೂ ಒಂದೇ ಎತ್ತರದಲ್ಲಿ ಕೂತಿವೆ, ಅಷ್ಟೇ.

ಇಲ್ಲಿ ಇನ್ನೊಂದು ವಿಷಯವಿದೆ. ಎರಡೂ ಅಳತೆಗಳು ಗಂಟೆಯಲ್ಲೇ ಇವೆ. ಹಾಗಿದ್ದ ಮೇಲೆ ಎರಡು ಅಕ್ಷ ಬೇಕಾಗಿಯೇ ಇರಲಿಲ್ಲ. ಒಂದೇ ಅಕ್ಷದಲ್ಲಿ, ಸೊನ್ನೆಯಿಂದ 8 ಗಂಟೆಯವರೆಗೆ ಬರೆದರೆ ಮೊಬೈಲಿನ ಗೆರೆ ಮೆಲ್ಲಗೆ ಏರುತ್ತದೆ. ನಿದ್ದೆಯ ಗೆರೆ ತುಂಬಾ ಮೇಲೆ, ಹೆಚ್ಚುಕಡಿಮೆ ಮಟ್ಟಸವಾಗಿ ಸಾಗುತ್ತದೆ. ಎರಡೂ ಎಲ್ಲೂ ಸಂಧಿಸುವುದಿಲ್ಲ. ಹಾಗಂತ 12 ನಿಮಿಷದ ನಿದ್ದೆ ಏನೂ ಅಲ್ಲ ಎನ್ನುತ್ತಿಲ್ಲ. ಇಡೀ ಒಂದು ಪೀಳಿಗೆಯ ಸರಾಸರಿ ಅಷ್ಟು ಇಳಿದರೆ ಅದು ದೊಡ್ಡ ಸುದ್ದಿಯೇ ಇರಬಹುದು. ಆದರೆ ಅದನ್ನು 12 ನಿಮಿಷ ಎಂದೇ ತೋರಿಸಬೇಕು ಅಲ್ವಾ?

ಲೇಖಕರು ಬೇಕೆಂದೇ ಮೋಸ ಮಾಡಿದರು ಎಂದು ನಾನು ಹೇಳಲಾರೆ. ಗ್ರಾಫ್ ಬರೆಯುವ ತಂತ್ರಾಂಶವೇ ಎಷ್ಟೋ ಸಲ ಈ ಚಿತ್ರವನ್ನು ತಾನಾಗಿ ಕೊಟ್ಟುಬಿಡುತ್ತದೆ. ಸಂಶೋಧಕರು ತುಂಬಾ ಬಳಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ `twinx()` ಎಂದು ಬರೆದರೆ ಬಲಗಡೆ ಎರಡನೇ ಅಕ್ಷ ಬರುತ್ತದೆ. ನಾವು ಬೇರೆ ಏನೂ ಹೇಳದಿದ್ದರೆ ಅದು ಪ್ರತಿ ಅಕ್ಷವನ್ನೂ ಅದರದರ ಅಂಕಿಗಳಿಗೆ ತಕ್ಕ ಹಾಗೆ ಹಿಗ್ಗಿಸುತ್ತದೆ. ಕನಿಷ್ಠ ಅಂಕಿ ತಳದ ಹತ್ತಿರ, ಗರಿಷ್ಠ ಅಂಕಿ ತುದಿಯ ಹತ್ತಿರ. ಹೀಗಾಗಿ ಒಂದು ಏರುವ, ಒಂದು ಇಳಿಯುವ ಗೆರೆಯನ್ನು ಕೊಟ್ಟರೆ ಆ ಕತ್ತರಿ ಆಕಾರ ತಾನಾಗಿಯೇ ಬರುತ್ತದೆ. ಅದು ಸಂಶೋಧನೆ ಕಂಡುಹಿಡಿದದ್ದಲ್ಲ. ಇನ್ನೊಂದು ಜನಪ್ರಿಯ ತಂತ್ರಾಂಶ `ggplot2` ತುಂಬಾ ವರ್ಷ ಎರಡನೇ ಅಕ್ಷಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ. 2016ರಲ್ಲಿ ಕೊಟ್ಟಾಗಲೂ ಎರಡನೇ ಅಕ್ಷ ಮೊದಲನೆಯದ್ದರಿಂದಲೇ ಒಂದು ಸೂತ್ರದ ಮೂಲಕ ಬರಬೇಕು ಎಂದು ಕಟ್ಟು ಹಾಕಿದರು. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಇದ್ದ ಹಾಗೆ. ಒಂದೇ ಸಂಗತಿಯನ್ನು ಎರಡು ಮಾನಗಳಲ್ಲಿ ತೋರಿಸಲು ಎರಡು ಅಕ್ಷ ಸರಿಯಾದ ಉಪಾಯ. ಆದರೆ ಜಾಣರು ಸೂತ್ರದೊಳಗೇ ಬೇಕಾದ ಸಂಖ್ಯೆ ತುರುಕಿ ಆ ಕಟ್ಟನ್ನೂ ದಾಟುತ್ತಾರೆ.

ಅಳತೆಗಳು ನಿಜವಾಗಿಯೂ ಬೇರೆ ಬೇರೆ ಇದ್ದರೆ, ಉದಾಹರಣೆಗೆ ಮಳೆ ಮತ್ತು ಜ್ವರದ ಪ್ರಕರಣಗಳು, ಎರಡು ಚಿಕ್ಕ ಗ್ರಾಫ್‌ಗಳನ್ನು ಒಂದರ ಕೆಳಗೊಂದು ಇಡುವುದೇ ವಾಸಿ. ಕೆಳಗೆ ವರ್ಷಗಳು ಒಂದೇ ಸಾಲಿನಲ್ಲಿ ಹೊಂದಿಕೊಂಡರೆ ಸಾಕು. ಯಾವುದು ಯಾವಾಗ ಏರಿತು ಎಂದು ಕಣ್ಣಿಗೆ ಕಾಣುತ್ತದೆ, ಸುಳ್ಳು ದಾಟು ಮಾತ್ರ ಇರುವುದಿಲ್ಲ. ಮೊದಲ ವರ್ಷವನ್ನು 100 ಎಂದು ಹಿಡಿದು ಬರೆಯುವುದೂ ಒಂದು ದಾರಿ. ನಮ್ಮ ಉದಾಹರಣೆಯಲ್ಲಿ ಮೊಬೈಲ್ 100ರಿಂದ 120ಕ್ಕೆ ಹೋಗುತ್ತದೆ, ನಿದ್ದೆ 100ರಿಂದ ಸುಮಾರು 97ಕ್ಕೆ ಬರುತ್ತದೆ. ಆದರೆ ಯಾವ ವರ್ಷವನ್ನು 100 ಎಂದು ಹಿಡಿದರು ಎಂಬುದರ ಮೇಲೆ ಒಂದು ಕಣ್ಣಿರಲಿ. ಮೊದಲ ವರ್ಷವೇ ಅಸಹಜವಾಗಿದ್ದರೆ ಇಡೀ ಗ್ರಾಫ್ ಓರೆಯಾಗುತ್ತದೆ.

ಅಕ್ಷ ಕತ್ತರಿಸುವ ವಿಷಯ ಬಹಳ ಜನರಿಗೆ ಗೊತ್ತಿದೆ, ಅದನ್ನು ಲಂಬಿಸುವುದಿಲ್ಲ. ಒಂದು ಗುಂಪಿಗೆ 82 ಅಂಕ, ಇನ್ನೊಂದಕ್ಕೆ 85 ಬಂದಿದೆ ಎಂದುಕೊಳ್ಳಿ. ಕಂಬಗಳ ಗ್ರಾಫಿನಲ್ಲಿ ಅಕ್ಷವನ್ನು 80ರಿಂದ ಶುರು ಮಾಡಿದರೆ ಒಂದು ಕಂಬ 2 ಭಾಗ, ಇನ್ನೊಂದು 5 ಭಾಗ ಎತ್ತರ ಇರುತ್ತದೆ. ಶೇಕಡಾ 4 ಕೂಡ ಇಲ್ಲದ ವ್ಯತ್ಯಾಸ ಎರಡೂವರೆ ಪಟ್ಟು ಆಗಿ ಕಾಣುತ್ತದೆ. ಕಂಬದಲ್ಲಿ ನಾವು ನೋಡುವುದು ಉದ್ದ, ಅದಕ್ಕೇ ಕಂಬ ಸೊನ್ನೆಯಿಂದಲೇ ಏಳಬೇಕು. ಗೆರೆಯ ಗ್ರಾಫಿಗೆ ಈ ನಿಯಮ ಹೇರಬಾರದು. ಜ್ವರದ ಚಾರ್ಟನ್ನು ಸೊನ್ನೆ ಡಿಗ್ರಿಯಿಂದ ಬರೆದರೆ 37ಕ್ಕೂ 40ಕ್ಕೂ ವ್ಯತ್ಯಾಸವೇ ಕಾಣದು, ಸುಮ್ನೆ ಹಾಳೆ ದಂಡ.

ಅವಧಿಯ ಆಯ್ಕೆ ಹಾಗಲ್ಲ. ಗ್ರಾಫಿನ ಮೇಲೆ ಅದರ ಸುಳಿವೇ ಇರುವುದಿಲ್ಲ. ಅಕ್ಷ ಕತ್ತರಿಸಿದ್ದರೆ ಅಂಕಿ ನೋಡಿ ಹಿಡಿಯಬಹುದು, ಬಿಟ್ಟ ವರ್ಷಗಳನ್ನು ಎಲ್ಲಿ ನೋಡುವುದು? 1998ರಿಂದ 2012ರ ತನಕದ ಜಾಗತಿಕ ತಾಪಮಾನದ ಗ್ರಾಫ್ ತೋರಿಸಿ "ಭೂಮಿ ಬಿಸಿಯಾಗುವುದು ನಿಂತಿದೆ" ಎಂದು ವಾದಿಸಿದವರು ನಿಮಗೆ ನೆನಪಿರಬಹುದು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿ 2013ರ ವರದಿಯಲ್ಲಿ ಇದನ್ನು ಎದುರಿಟ್ಟು ತೋರಿಸಿತು. 1998ರಿಂದ 15 ವರ್ಷಗಳ ಏರಿಕೆಯ ವೇಗ ದಶಕಕ್ಕೆ 0.05 ಡಿಗ್ರಿ ಸೆಲ್ಸಿಯಸ್. ಅದೇ 15 ವರ್ಷಗಳ ಲೆಕ್ಕವನ್ನು 1997ರಿಂದ ಶುರು ಮಾಡಿದರೆ 0.07. 1996ರಿಂದ 0.14, 1995ರಿಂದ 0.13. ಎರಡು ವರ್ಷ ಹಿಂದೆ ಸರಿದರೆ ವೇಗ ಹೆಚ್ಚುಕಡಿಮೆ ಮೂರು ಪಟ್ಟಾಯಿತು! ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. 1997–98ರಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೋ ಬಲವಾಗಿ ಬಂದು 1998 ವಿಪರೀತ ಬಿಸಿಯಾಗಿತ್ತು. ಗುಡ್ಡದ ತುದಿಯಿಂದ ನಡಿಗೆ ಶುರು ಮಾಡಿದರೆ ಮುಂದಿನ ದಾರಿ ಮಟ್ಟಸವಾಗಿಯೇ ಕಾಣುತ್ತದೆ. 1951ರಿಂದ 2012ರವರೆಗಿನ ಪೂರ್ತಿ ಅವಧಿಯಲ್ಲಿ ದಶಕಕ್ಕೆ 0.12 ಡಿಗ್ರಿ ಏರಿದೆ. ಯಾವ ಗ್ರಾಫಿನಲ್ಲಾದರೂ ಅನುಮಾನ ಬಂದರೆ ಇದೇ ಪರೀಕ್ಷೆ ಮಾಡಬಹುದು. ಶುರುವಿನ ವರ್ಷವನ್ನು ಒಂದೆರಡು ಹಿಂದೆ ಮುಂದೆ ಸರಿಸಿ ನೋಡಿ. ತೀರ್ಮಾನ ಅಲುಗಾಡಿದರೆ ಅದು ಆ ಒಂದು ವರ್ಷದ ಮೇಲೆ ನಿಂತಿದೆ ಎಂದರ್ಥ.

ಮತ್ತೆ ನಮ್ಮ ಕತ್ತರಿ ಗ್ರಾಫಿಗೆ ಬರುತ್ತೇನೆ, ಯಾಕೆಂದರೆ ಅದು ಪತ್ರಿಕೆಗೆ ಬಂದಾಗ ಇನ್ನೂ ಒಂದು ಪೆಟ್ಟು ತಿನ್ನುತ್ತದೆ. ಜಾಗ ಉಳಿಸಲು ಗ್ರಾಫನ್ನು ಚಿಕ್ಕದು ಮಾಡುವಾಗ ಬಲಗಡೆಯ ಅಂಕಿಗಳು ಓದಲಾರದಷ್ಟು ಸಣ್ಣವಾಗುತ್ತವೆ, ಕೆಲವು ಸಲ ಕತ್ತರಿಸಿಯೇ ಹೋಗುತ್ತವೆ. ಆಗ ಎರಡೂ ಗೆರೆಗಳು ಎಡಗಡೆಯ ಅಕ್ಷದವೇ ಎಂದು ಓದುಗರು ತಿಳಿಯುತ್ತಾರೆ. ಮಕ್ಕಳು ದಿನಕ್ಕೆ ಮೂರೇ ಗಂಟೆ ನಿದ್ದೆ ಮಾಡುತ್ತಾರೆ ಎಂದು ಯಾರಾದರೂ ಗಾಬರಿಯಾದರೆ ತಪ್ಪು ಅವರದಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಎರಡು ಅಕ್ಷಗಳ ಗ್ರಾಫ್ ನಿಮ್ಮ ಮೇಜಿಗೆ ಬಂದರೆ ಹಾಗೇ ಅಚ್ಚಿಗೆ ಕಳಿಸಬೇಡಿ. ಅಂಕಿಗಳ ಪಟ್ಟಿಯನ್ನು ಲೇಖಕರ ಹತ್ತಿರ ಕೇಳಿ. ಎಷ್ಟೋ ಲೇಖನಗಳ ಜೊತೆ ಅದು ಪೂರಕ ಕಡತವಾಗಿ ಇದ್ದೇ ಇರುತ್ತದೆ. ನಿಮ್ಮ ಚಿತ್ರ ವಿಭಾಗದವರು ಅದನ್ನು ಎರಡು ಗ್ರಾಫ್‌ಗಳಾಗಿ ಬರೆಯಲಿ, ಯಾವ ವರ್ಷದಿಂದ ಯಾವ ವರ್ಷದ ಅಂಕಿ ಸಿಕ್ಕಿದೆ ಎಂದು ಕೆಳಗೆ ಒಂದು ಸಾಲು ಹಾಕಲಿ.

ಆ ವಿದ್ಯಾರ್ಥಿನಿ ಪೆನ್ಸಿಲಿನಲ್ಲಿ ಬರೆದ ಎರಡು ಗ್ರಾಫ್‌ಗಳನ್ನೂ, ಮೊದಲಿನದ್ದರ ನಕಲನ್ನೂ ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗವಿದ್ದರೆ ಮೂರನ್ನೂ ಪಕ್ಕಪಕ್ಕದಲ್ಲಿ ಹಾಕಿ. ಮೂರಕ್ಕೂ ಸೇರಿ ಕೆಳಗೆ ಒಂದೇ ಅಂಕಿಪಟ್ಟಿ ಸಾಕು.

ಇಂತಿ,
ಸಂಖ್ಯಾಶಾಸ್ತ್ರ ಕಲಿಸುವ ಒಬ್ಬ ಓದುಗ